ಎಲ್‌ಟಿಒ ಸೆಲ್ ಉಬ್ಬೋದೇ ಇಲ್ಲ ಅಂದಿದ್ರು, ನಂದು ಉಬ್ಬಿದೆ. ಸಿಲಿಕಾನ್‌ಗೆ ಹೋಗಲಾ?

ವೈಂಡಿಂಗ್_ಹುಬ್ಬಳ್ಳಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ್ರೀ. ನಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಎರಡು ವರ್ಷದಿಂದ ಇ-ಆಟೋ ಬ್ಯಾಟರಿ ರಿಪೇರಿಯನ್ನೂ ಮಾಡುತ್ತಿದ್ದೇನೆ. ಸ್ಟೇಷನ್ ಹತ್ತಿರ ಓಡಿಸುವ ಇಬ್ಬರು ಆಟೋದವರು ಬಂದು, "ಚಹಾ ಕುಡಿಯೋದರೊಳಗೆ ಚಾರ್ಜ್ ಆಗೋ ಬ್ಯಾಟರಿ ಮಾಡಿಕೊಡ್ರಿ" ಎಂದು ಬೆನ್ನು ಹತ್ತಿದ್ದಾರೆ. ಅದಕ್ಕೆಂದೇ ಎಲ್‌ಟಿಒ, ಅಂದರೆ ಲಿಥಿಯಂ ಟೈಟಾನೇಟ್ ಪೌಚ್ ಸೆಲ್ ಆರು ತರಿಸಿದೆ. 20 ಆಂಪ್ ಅವರ್‌ನವು, ಬಳಸಿದ ಮಾಲು. "ಇದರ ಆನೋಡ್ ಒಂದು ಚೂರೂ ಉಬ್ಬೋದಿಲ್ಲ" ಎಂದು ಮಾರಿದವರು ಹೇಳಿದ್ದರು.

ಒಂದು ತಿಂಗಳು ಶೆಲ್ಫಿನಲ್ಲಿ ಫುಲ್ ಚಾರ್ಜ್ ಮಾಡಿ ಇಟ್ಟಿದ್ದೆ. ಅಂಗಡಿಗೆ ತಗಡಿನ ಮಾಡು, ಮಧ್ಯಾಹ್ನ ಒಳಗೆ ನಿಲ್ಲೋಕೆ ಆಗೋದಿಲ್ಲ. ನಿನ್ನೆ ತೆಗೆದು ನೋಡಿದರೆ ಎರಡು ಸೆಲ್ ಹೊಟ್ಟೆ ಬಂದ ಹಾಗೆ ಆಗಿವೆ. 8 ಮಿ.ಮೀ. ಇದ್ದದ್ದು ನಡುವೆ 11 ಆಗಿದೆ. ವೋಲ್ಟೇಜ್ ಮಾತ್ರ ಸರಿ ಇದೆ.

ಈಗ ಎರಡು ಪ್ರಶ್ನೆ. ಉಬ್ಬೋದಿಲ್ಲ ಅನ್ನೋದು ಸುಳ್ಳಾ? ಹೇಗೂ ಉಬ್ಬುತ್ತದೆ ಅಂದರೆ ಹತ್ತು ಪಟ್ಟು ಕೆಪ್ಯಾಸಿಟಿ ಇರುವ ಸಿಲಿಕಾನ್ ಸೆಲ್‌ಗೇ ಹೋಗಬಾರದಾ?

ಕೋಟೆಕಾರ್_ಮಾವ · ರಾತ್ರಿ 10:05

ನನ್ನದೂ ಇದೇ ಕತೆ ಮಾರಾಯ್ರೆ. ಎಂಟು ತಿಂಗಳ ಹಿಂದೆ ತೆಗೆದುಕೊಂಡ ಫೋನ್. ಸಿಲಿಕಾನ್ ಬ್ಯಾಟರಿ ಎಂದು ಡಬ್ಬಿ ಮೇಲೆಯೇ ಬರೆದಿದ್ದಾರೆ. ಈಗ ಹಿಂದಿನ ಮುಚ್ಚಳ ಒಂದು ಮೂಲೆಯಲ್ಲಿ ಎದ್ದು ನಿಂತಿದೆ. ಸರ್ವೀಸ್‌ನವರು "ನೀರು ಬಿದ್ದಿದೆ" ಎನ್ನುತ್ತಾರೆ. ಎಂಥ ನೀರು? ಇದಕ್ಕೆ ಏನು ಮಾಡುವುದು, ಯಾರಿಗೆ ದೂರು ಕೊಡುವುದು, ಸ್ವಲ್ಪ ಹೇಳಿ.

ನ್ಯಾನೋ_ಶರತ್ · ರಾತ್ರಿ 10:31

ನಾನು ಎಂ.ಟೆಕ್‌ನಲ್ಲಿ ಸಿಲಿಕಾನ್ ಆನೋಡ್ ಮೇಲೆಯೇ ಕೆಲಸ ಮಾಡುತ್ತಿದ್ದೇನೆ. ಎಲ್‌ಟಿಒ ಹಳೇ ಕಾಲದ್ದು ಸರ್. ಗ್ರಾಂಗೆ 175 ಎಂಎಎಚ್ ಅಷ್ಟೇ. ಗ್ರಾಫೈಟ್ 372. ಸಿಲಿಕಾನ್ 3579. ಲೆಕ್ಕ ನೀವೇ ಹಾಕಿ.

ಸಿಲಿಕಾನ್ ಉಬ್ಬುತ್ತದೆ ಅನ್ನೋದು ಈಗ ಹಳೇ ಸುದ್ದಿ. 2008ರಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಯೀ ಚುಯ್ ಅವರ ತಂಡ ನ್ಯಾನೋ ತಂತಿ ಮಾಡಿ ತೋರಿಸಿತು. ಕಣ ಸಣ್ಣದಾದರೆ ಉಬ್ಬುವ ಸಮಸ್ಯೆ ಹೋಯಿತು. ನನ್ನ ಕಾಯಿನ್ ಸೆಲ್‌ನಲ್ಲಿ 100 ಸೈಕಲ್ ಆದ ಮೇಲೂ 2800 ಬರುತ್ತಿದೆ.

ಇನ್ನು ಎಲ್‌ಟಿಒ ಉಬ್ಬೋಕೆ ಸಾಧ್ಯವೇ ಇಲ್ಲ. ಲಿಥಿಯಂ ಒಳಗೆ ಹೋದರೂ ಹೊರಗೆ ಬಂದರೂ ಅದರ ಗಾತ್ರ ಬದಲಾಗೋದು 0.2% ಮಾತ್ರ. ನಿಮಗೆ ಯಾರೋ ಬೇರೆ ಸೆಲ್ ಕೊಟ್ಟು ಟೋಪಿ ಹಾಕಿದ್ದಾರೆ.

ಡ್ರೈರೂಮ್_ಸುಮಾ · ರಾತ್ರಿ 11:20

ಟೋಪಿ ಹಾಕಿಲ್ಲ. ಅದು ಎಲ್‌ಟಿಒನೇ ಇರಬೇಕು. ಉಬ್ಬಿರೋದು ಬೇರೆ ರೀತಿಯ ಉಬ್ಬು.

ನಾನು ಪೈಲಟ್ ಲೈನ್‌ನಲ್ಲಿ ಸೆಲ್ ಮಾಡುವ ಕೆಲಸದಲ್ಲಿ ಒಂಬತ್ತು ವರ್ಷ ಇದ್ದೆ. ಎಲ್‌ಟಿಒ ನಾಲ್ಕು ವರ್ಷ, ಆಮೇಲೆ ಸಿಲಿಕಾನ್ ಬೆರೆಸಿದ ಗ್ರಾಫೈಟ್. ಈ ಎರಡರ ಉಬ್ಬನ್ನು ಒಂದೇ ಹೆಸರಿನಲ್ಲಿ ಕರೆಯೋದರಿಂದಲೇ ಇಷ್ಟೆಲ್ಲ ಗೊಂದಲ.

ಕಡಲೆ ನೆನೆಹಾಕಿ ನೋಡಿ. ಕಾಳೇ ದಪ್ಪ ಆಗುತ್ತದೆ, ಒತ್ತಿದರೆ ಗಟ್ಟಿ. ಸಿಲಿಕಾನ್ ಉಬ್ಬೋದು ಹಾಗೆ. ಲಿಥಿಯಂ ಒಳಗೆ ಕೂತಷ್ಟೂ ಕಣವೇ ದೊಡ್ಡದಾಗುತ್ತದೆ, ಪೂರ್ತಿ ತುಂಬಿದರೆ ಸುಮಾರು ನಾಲ್ಕು ಪಟ್ಟು. ಇನ್ನೊಂದು, ಅಂಗಡಿಯಿಂದ ತಂದ ದೋಸೆ ಹಿಟ್ಟಿನ ಪ್ಯಾಕೆಟ್ ಬೇಸಿಗೆಯಲ್ಲಿ ಊದಿಕೊಳ್ಳುತ್ತದಲ್ವಾ? ಹಿಟ್ಟು ತುಂಬಾ ಜಾಸ್ತಿ ಆಗಿರೋದಿಲ್ಲ, ಗ್ಯಾಸ್ ತುಂಬಿರುತ್ತದೆ. ನಿಮ್ಮ ಎಲ್‌ಟಿಒ ಪೌಚ್‌ಗೆ ಆಗಿರೋದು ಅದು.

ಶರತ್ ಹೇಳಿದ 0.2% ಸರಿಯೇ. ಆದರೆ 8 ಮಿ.ಮೀ. ಸೆಲ್‌ನಲ್ಲಿ 0.2% ಅಂದರೆ 0.016 ಮಿ.ಮೀ. ಅಂಗಡಿಯ ವರ್ನಿಯರ್‌ನಲ್ಲಿ ಕಾಣೋದೇ ಇಲ್ಲ. ನಿಮಗೆ ಕಂಡಿರೋದು 3 ಮಿ.ಮೀ. ಆನೋಡ್‌ನ ಹರಳು ಅಷ್ಟು ಉಬ್ಬಲಾರದು.

ವೈಂಡಿಂಗ್_ಹುಬ್ಬಳ್ಳಿ · ಸೋಮವಾರ ಬೆಳಿಗ್ಗೆ 7:15

ಮೇಡಂ, ದೋಸೆ ಹಿಟ್ಟಿನ ಮಾತು ತಲೆಗೆ ಹೋಯಿತು. ಗ್ಯಾಸ್ ಎಲ್ಲಿಂದ ಬಂತು? ಪ್ಯಾಕೆಟ್ ಸೀಲ್ ಆಗೇ ಇತ್ತಲ್ಲ.

ಡ್ರೈರೂಮ್_ಸುಮಾ · ಬೆಳಿಗ್ಗೆ 8:50

ಒಳಗಿನ ಎಲೆಕ್ಟ್ರೋಲೈಟ್‌ನಿಂದಲೇ. ಎಲ್‌ಟಿಒ ಪುಡಿಗೆ ಸ್ವಂತವಾಗಿ ಕರೆಂಟ್ ಹರಿಸುವ ಶಕ್ತಿ ತೀರಾ ಕಡಿಮೆ. ಅದಕ್ಕೆ ಕಣವನ್ನು ತುಂಬಾ ಸಣ್ಣ ಮಾಡುತ್ತಾರೆ. ಸಣ್ಣ ಮಾಡಿದಷ್ಟೂ ಮೈ ಜಾಸ್ತಿ. ಮೈ ಜಾಸ್ತಿ ಆದಷ್ಟೂ ಅದು ಗಾಳಿಯ ತೇವ ಹೀರುತ್ತದೆ. ಆ ನೀರು ಸೆಲ್ ಒಳಗೆ ಹೋದರೆ ಹೈಡ್ರೋಜನ್ ಆಗುತ್ತದೆ. ಜೊತೆಗೆ ಎಲೆಕ್ಟ್ರೋಲೈಟ್‌ನ ದ್ರಾವಕ ಆ ಮೈಮೇಲೆ ಒಡೆದು ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ.

ಇದು ಎರಡು ಸಂದರ್ಭದಲ್ಲಿ ಜೋರಾಗುತ್ತದೆ: ಸೆಲ್ ಫುಲ್ ಇದ್ದಾಗ, ಬಿಸಿ ಇದ್ದಾಗ. ತಗಡಿನ ಮಾಡಿನ ಕೆಳಗೆ ಫುಲ್ ಚಾರ್ಜ್ ಮಾಡಿ ಒಂದು ತಿಂಗಳು ಇಟ್ಟೆ ಎಂದಿರಿ. ಎರಡನ್ನೂ ಒಟ್ಟಿಗೇ ಕೊಟ್ಟಿದ್ದೀರಿ.

ಕಾರ್ಖಾನೆಯಲ್ಲಿ ಇದಕ್ಕೆ ದಾರಿ ಇದೆ. ಪೌಚ್‌ನ ಒಂದು ಕಡೆ ಉದ್ದಕ್ಕೆ ಖಾಲಿ ಚೀಲ ಬಿಟ್ಟಿರುತ್ತೇವೆ. ಮೊದಲ ಚಾರ್ಜ್ ಮಾಡಿ, ಬಿಸಿ ಕೋಣೆಯಲ್ಲಿ ಇಟ್ಟು, ಬರಬೇಕಾದ ಗ್ಯಾಸ್ ಬೇಗ ಬರಲಿ ಎಂದು ಕಾಯುತ್ತೇವೆ. ಆಮೇಲೆ ಆ ಚೀಲ ಕತ್ತರಿಸಿ, ಗ್ಯಾಸ್ ಎಳೆದು, ಮತ್ತೆ ಸೀಲ್ ಮಾಡುತ್ತೇವೆ. ನಾನು ಮೊದಲ ಸಲ ನೋಡಿದಾಗ ಟ್ರೇ ತುಂಬಾ ದಿಂಬು ಜೋಡಿಸಿಟ್ಟ ಹಾಗೆ ಇತ್ತು. ಈ ಕಾಯುವ ಸಮಯ ಉಳಿಸಲು ಹೋದ ಮಾಲು, ಇಲ್ಲಾ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಾಲು ಕೊನೆಗೆ ನಿಮ್ಮ ಕೈಗೆ ಬರುತ್ತದೆ.

ಸೂಜಿ ಚುಚ್ಚಿ ಗ್ಯಾಸ್ ಬಿಡೋ ಸಾಹಸ ಬೇಡ. ಹೈಡ್ರೋಜನ್ ಇರುತ್ತದೆ. ಹೊರಗಿನ ತೇವ ಒಳಗೆ ಹೋಗಿ ಮತ್ತೆ ಅದೇ ಕತೆ ಶುರು.

ನ್ಯಾನೋ_ಶರತ್ · ಬೆಳಿಗ್ಗೆ 9:30

ಮೇಡಂ, ಎಲ್‌ಟಿಒ ಕೆಲಸ ಮಾಡೋದು 1.55 ವೋಲ್ಟ್‌ನಲ್ಲಿ. ಎಲೆಕ್ಟ್ರೋಲೈಟ್ ಒಡೆಯೋದು ಸುಮಾರು 0.8ರ ಕೆಳಗೆ. ಆದ್ದರಿಂದ ಎಲ್‌ಟಿಒ ಮೇಲೆ ಪದರವೇ ಕಟ್ಟೋದಿಲ್ಲ ಎಂದು ಪಾಠದಲ್ಲಿ ಓದಿದ್ದೇವೆ. ಹಾಗಾದರೆ ಗ್ಯಾಸ್‌ಗೆ ಪೂರ್ತಿ ನೀರೇ ಕಾರಣ ಅಲ್ವಾ? ಚೆನ್ನಾಗಿ ಒಣಗಿಸಿದರೆ ಮುಗಿಯಿತು.

ಡ್ರೈರೂಮ್_ಸುಮಾ · ಬೆಳಿಗ್ಗೆ 10:10

ಅರ್ಧ ಸರಿ. 0.8 ವೋಲ್ಟ್ ಲೆಕ್ಕ ಕರೆಂಟಿನಿಂದ ಒಡೆಯೋದಕ್ಕೆ. ಎಲ್‌ಟಿಒ ಮೈ ಸ್ವತಃ ದ್ರಾವಕದ ಜೊತೆ ರಾಸಾಯನಿಕವಾಗಿ ವ್ಯವಹರಿಸುತ್ತದೆ, ಅದಕ್ಕೆ ಆ ಗಡಿ ಅಡ್ಡ ಬರೋದಿಲ್ಲ. ಸುಮ್ನೆ ಎಲೆಕ್ಟ್ರೋಲೈಟ್‌ನಲ್ಲಿ ನೆನೆಹಾಕಿಟ್ಟ ಎಲ್‌ಟಿಒ ಪುಡಿಯೂ ಗ್ಯಾಸ್ ಬಿಡುತ್ತದೆ ಎಂದು ತೋರಿಸಿದವರಿದ್ದಾರೆ. ನೀರೇ ಮುಖ್ಯ ಎನ್ನುವವರೂ ಇದ್ದಾರೆ. ಎರಡು ಕಡೆಯವರೂ ಇನ್ನೂ ಜಗಳ ಆಡುತ್ತಿದ್ದಾರೆ. ನಮ್ಮ ಲೈನ್‌ನಲ್ಲಿ ಒಂದು ದಿನ ಹೆಚ್ಚಿಗೆ ಒಣಗಿಸಿದಾಗ ಗ್ಯಾಸ್ ಕಡಿಮೆ ಆಯಿತು, ನಿಲ್ಲಲಿಲ್ಲ. ನನಗೆ ಗೊತ್ತಿರೋದು ಅಷ್ಟು.

ಈಗ ನಿಮ್ಮ ಸಿಲಿಕಾನ್‌ಗೆ ಬರೋಣ. ಎರಡು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಚದರ ಸೆಂಟಿಮೀಟರ್‌ಗೆ ಎಷ್ಟು ಸಿಲಿಕಾನ್ ಬಳಿದಿದ್ದೀರಿ? ಎದುರಿಗೆ ಏನಿದೆ, ಲಿಥಿಯಂ ಲೋಹದ ತಗಡಾ, ನಿಜವಾದ ಕ್ಯಾಥೋಡಾ?

ನ್ಯಾನೋ_ಶರತ್ · ಬೆಳಿಗ್ಗೆ 11:45

0.6 ಮಿಲಿಗ್ರಾಂ. ಎದುರಿಗೆ ಲಿಥಿಯಂ ತಗಡು.

ಡ್ರೈರೂಮ್_ಸುಮಾ · ಮಧ್ಯಾಹ್ನ 1:20

ಸರಿ. 0.6 ಅನ್ನು 2800ರಿಂದ ಗುಣಿಸಿದರೆ ಚದರ ಸೆಂಟಿಮೀಟರ್‌ಗೆ 1.7 ಎಂಎಎಚ್. ಮಾರುಕಟ್ಟೆಯ ಸೆಲ್‌ನಲ್ಲಿ 3ಕ್ಕಿಂತ ಜಾಸ್ತಿ ಇರುತ್ತದೆ. ತೆಳ್ಳಗೆ ಬಳಿದರೆ ಉಬ್ಬಲು ಜಾಗ ಇರುತ್ತದೆ, ಕರೆಂಟೂ ಸುಲಭವಾಗಿ ಹೋಗುತ್ತದೆ. ದಪ್ಪ ಬಳಿದಾಗಲೇ ಅದರ ಗುಣ ಗೊತ್ತಾಗೋದು.

ಅದಕ್ಕಿಂತ ದೊಡ್ಡ ವಿಷಯ ಆ ಲಿಥಿಯಂ ತಗಡು. ಸಿಲಿಕಾನ್ ಕಣ ಪ್ರತಿ ಸಲ ಉಬ್ಬಿ ಕುಗ್ಗುವಾಗ ಅದರ ಮೈಮೇಲಿನ ರಕ್ಷಣೆಯ ಪದರ ಬಿರಿಯುತ್ತದೆ. ಬಿರುಕಿನಲ್ಲಿ ಹೊಸ ಪದರ ಕಟ್ಟಬೇಕು. ಕಟ್ಟಲು ಲಿಥಿಯಂ ಬೇಕು. ನಿಮ್ಮ ಕಾಯಿನ್ ಸೆಲ್‌ನಲ್ಲಿ ತಗಡು ತುಂಬಾ ಲಿಥಿಯಂ ಇದೆ, ಎಷ್ಟು ಕಳೆದರೂ ಗೊತ್ತಾಗೋದಿಲ್ಲ. ನಿಜವಾದ ಸೆಲ್‌ನಲ್ಲಿ ಕ್ಯಾಥೋಡ್ ತಂದಿದ್ದೇ ಲಿಥಿಯಂ. ಹೋಯಿತು ಎಂದರೆ ಹೋಯಿತು.

ನಿಮ್ಮ ಸೈಕ್ಲರ್ ಪ್ರತಿ ಸೈಕಲ್‌ಗೆ ಹಾಕಿದ್ದೆಷ್ಟು, ಬಂದಿದ್ದೆಷ್ಟು ಎಂದು ಬರೆದಿಟ್ಟಿರುತ್ತದೆ. 99.9% ಬರುತ್ತಿದ್ದರೆ ಕಾಯಿನ್ ಸೆಲ್‌ನಲ್ಲಿ ಭೇಷ್ ಎನ್ನುತ್ತಾರೆ. ಆದರೆ 0.999 ಅನ್ನು ಸಾವಿರ ಸಲ ಗುಣಿಸಿ ನೋಡಿ, ಉಳಿಯೋದು 37%. ಸಾವಿರ ಸೈಕಲ್ ಆದ ಮೇಲೆ 80% ಉಳಿಯಬೇಕಾದರೆ 99.98% ಬೇಕು. ಆ ಕೊನೆಯ ಅಂಕಿಯಲ್ಲೇ ನಾವು ಎರಡು ವರ್ಷ ಕಳೆದೆವು.

ಮತ್ತೆ, ನ್ಯಾನೋ ಮಾಡಿದರೆ ಉಬ್ಬು ಹೋಗೋದಿಲ್ಲ. ಸುಮಾರು 150 ನ್ಯಾನೋಮೀಟರ್‌ಗಿಂತ ಸಣ್ಣ ಕಣ ಉಬ್ಬಿದರೂ ಸೀಳೋದಿಲ್ಲ, ಅಷ್ಟೇ. ಉಬ್ಬೋದು ಒಳಗೆ ಎಷ್ಟು ಲಿಥಿಯಂ ಕೂತಿದೆ ಅನ್ನೋದರ ಮೇಲೆ. ಕೆಪ್ಯಾಸಿಟಿ ಬೇಕು ಅಂದರೆ ಲಿಥಿಯಂ ಕೂರಿಸಬೇಕು, ಕೂರಿಸಿದರೆ ಉಬ್ಬುತ್ತದೆ. ಮೂರರಲ್ಲಿ ಒಂದು ಪಾಲು ಮಾತ್ರ ತುಂಬಿದರೆ ಎರಡು ಪಟ್ಟಿಗೆ ನಿಲ್ಲುತ್ತದೆ. ಫೋನಿನ ಸಿಲಿಕಾನ್-ಕಾರ್ಬನ್‌ನಲ್ಲಿ ಮಾಡೋದು ಬೇರೆ ಉಪಾಯ. ತೂತುತೂತು ಇರುವ ಕಾರ್ಬನ್ ಕಣದೊಳಗೆ ಸಿಲಿಕಾನ್ ಕೂರಿಸಿ, ಅದು ತೂತಿನೊಳಕ್ಕೆ ಉಬ್ಬಲಿ ಎಂದು ಜಾಗ ಬಿಟ್ಟಿರುತ್ತಾರೆ.

ನ್ಯಾನೋ_ಶರತ್ · ಮಧ್ಯಾಹ್ನ 2:05

ಫೈಲ್ ತೆಗೆದು ನೋಡಿದೆ. 99.6 ಇದೆ. ಗೈಡ್‌ಗೆ ಇನ್ನೂ ಹೇಳಿಲ್ಲ 🙂

ಆದರೂ 3579 ಎಲ್ಲಿ, 175 ಎಲ್ಲಿ ಮೇಡಂ. ಇಪ್ಪತ್ತು ಪಟ್ಟು ವ್ಯತ್ಯಾಸ ಎಲ್ಲಿಗೆ ಹೋಗುತ್ತದೆ?

ಡ್ರೈರೂಮ್_ಸುಮಾ · ಸಂಜೆ 6:40

ಆನೋಡ್ ಒಂದನ್ನೇ ತಕ್ಕಡಿಗೆ ಹಾಕಿದರೆ ಇಪ್ಪತ್ತು ಪಟ್ಟು. ಸೆಲ್‌ನಲ್ಲಿ ಎದುರಿಗೆ ಕ್ಯಾಥೋಡ್ ಇರುತ್ತದಲ್ಲ.

ಒಂದು ಆಂಪ್ ಅವರ್ ಸೆಲ್ ಕಟ್ಟೋಣ. ಗ್ರಾಂಗೆ 200 ಎಂಎಎಚ್ ಕೊಡುವ ನಿಕಲ್ ಕ್ಯಾಥೋಡ್ 5 ಗ್ರಾಂ ಬೇಕು. ಇದು ಮೂರು ಸೆಲ್‌ಗೂ ಒಂದೇ. ಆನೋಡ್ ಗ್ರಾಫೈಟ್ ಆದರೆ ಸುಮಾರು 2.9 ಗ್ರಾಂ. ಸಿಲಿಕಾನ್ ಆದರೆ 0.3 ಗ್ರಾಂ. ಎಲ್‌ಟಿಒ ಆದರೆ 6 ಗ್ರಾಂ. ಒಟ್ಟು 7.9, 5.3, 11. ಇಪ್ಪತ್ತು ಪಟ್ಟು ಇದ್ದದ್ದು ಎರಡು ಪಟ್ಟಿಗೆ ಬಂತು ನೋಡಿ. ಅದಕ್ಕೇ ಗ್ರಾಂಗೆ 1000 ದಾಟಿದ ಮೇಲೆ ಸಿಲಿಕಾನ್ ಎಷ್ಟು ಏರಿಸಿದರೂ ಹೆಚ್ಚು ಲಾಭ ಇಲ್ಲ. ಆಮೇಲೆ ಕ್ಯಾಥೋಡ್‌ನ 5 ಗ್ರಾಂ ಅಲ್ಲಾಡೋದಿಲ್ಲ.

ಎಲ್‌ಟಿಒಗೆ ನಿಜವಾದ ಪೆಟ್ಟು ಬೀಳೋದು ತೂಕದಲ್ಲಿ ಅಲ್ಲ, ವೋಲ್ಟೇಜ್‌ನಲ್ಲಿ. ಆನೋಡ್ 1.55ರಲ್ಲಿ ಕೂತಿರುವುದರಿಂದ ಸೆಲ್‌ಗೆ ಸಿಗೋದು 2.3 ವೋಲ್ಟ್. ಗ್ರಾಫೈಟ್‌ನಲ್ಲಿ 3.7, ಸಿಲಿಕಾನ್‌ನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ತೂಕ, ವೋಲ್ಟೇಜ್ ಎರಡೂ ಸೇರಿ ಎಲ್‌ಟಿಒ ಗ್ರಾಫೈಟ್‌ನ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಆದರೆ ಅದೇ 1.55 ವೋಲ್ಟ್‌ನಿಂದಲೇ ನಿಮ್ಮ ಆಟೋದವರ ಚಹಾ ಚಾರ್ಜಿಂಗ್ ಸಾಧ್ಯ. ಲಿಥಿಯಂ ಲೋಹವಾಗಿ ಮೈಮೇಲೆ ಕೂರೋದು 0 ವೋಲ್ಟ್‌ನಲ್ಲಿ. ಗ್ರಾಫೈಟ್ 0.1ರಲ್ಲಿ ಕೆಲಸ ಮಾಡುತ್ತದೆ. ಜೋರಾಗಿ ಕರೆಂಟ್ ನೂಕಿದರೆ ಆ 0.1 ಕ್ಷಣದಲ್ಲಿ ಮುಗಿದು ಲಿಥಿಯಂ ಹೊರಗೇ ಕೂರಲು ಶುರು. ಸಿಲಿಕಾನ್ ಗ್ರಾಫೈಟ್‌ಗಿಂತ ಸ್ವಲ್ಪ ಮೇಲಿದೆ, ಪದರವೂ ತೆಳ್ಳಗೆ. ಆದ್ದರಿಂದ ಸಿಲಿಕಾನ್ ವೇಗವಾಗಿ ಚಾರ್ಜ್ ಆಗೋದಿಲ್ಲ ಎನ್ನುವವರ ಮಾತು ತಪ್ಪು. ಆಗುತ್ತದೆ. ಎಷ್ಟು ಸಲ ಆಗುತ್ತದೆ ಅನ್ನೋದೇ ಪ್ರಶ್ನೆ. ಎಲ್‌ಟಿಒಗೆ ಮಾತ್ರ ಒಂದೂವರೆ ವೋಲ್ಟ್ ಅಂತರ ಇದೆ, ಹೊಡೆದಷ್ಟೂ ತಡೆಯುತ್ತದೆ. ಚಳಿಯಲ್ಲೂ ಸೈ. ಅದರ ಹರಳು ಅಲ್ಲಾಡದೆ ಇರುವುದರಿಂದ ಹತ್ತು ಹದಿನೈದು ಸಾವಿರ ಸೈಕಲ್ ಅನ್ನೋದು ದೊಡ್ಡ ಮಾತೇನಲ್ಲ.

ಲೇಕ್‌ಸೈಡ್_ವಾಣಿ · ರಾತ್ರಿ 8:15

ನಾನು ಇರೋದು ಜಿನೀವಾದಲ್ಲಿ. ವಿಜ್ಞಾನ ನನಗೆ ಗೊತ್ತಿಲ್ಲ, ಆದರೆ ನಿಲ್ದಾಣದಲ್ಲೇ ಚಾರ್ಜ್ ಆಗುವ ಬಸ್ಸಿನಲ್ಲಿ ಓಡಾಡುತ್ತೇನೆ. 23ನೇ ನಂಬರ್. ನಿಲ್ದಾಣಕ್ಕೆ ಬಂದು ಬಾಗಿಲು ತೆರೆಯುವಷ್ಟರಲ್ಲಿ ಬಸ್ಸಿನ ನೆತ್ತಿಯಿಂದ ಒಂದು ತೋಳು ಎದ್ದು ಮೇಲಿನ ಕಂಬಕ್ಕೆ ತಾಗುತ್ತದೆ. ಜನ ಹತ್ತಿ ಇಳಿಯೋದರೊಳಗೆ, ಇಪ್ಪತ್ತು ಸೆಕೆಂಡ್‌ನಲ್ಲಿ, ತೋಳು ಮತ್ತೆ ಮಲಗುತ್ತದೆ. ಎಲ್ಲ ನಿಲ್ದಾಣದಲ್ಲೂ ಇಲ್ಲ, ಕೆಲವು ಕಡೆ ಮಾತ್ರ. ನಮ್ಮ ಮನೆಯವರು ಇದರಲ್ಲಿ ಲಿಥಿಯಂ ಟೈಟಾನೇಟ್ ಇದೆ ಎಂದು ಹೇಳಿದ್ದರು. 2013ರಲ್ಲೇ ಇಲ್ಲಿ ಪ್ರಯೋಗ ಶುರುವಾಗಿತ್ತಂತೆ.

ಡ್ರೈರೂಮ್_ಸುಮಾ · ರಾತ್ರಿ 8:40

ಹೌದು, ಅದೇ ಟೋಸಾ ಬಸ್. 600 ಕಿಲೋವ್ಯಾಟ್ ಇಪ್ಪತ್ತು ಸೆಕೆಂಡ್ ಅಂದರೆ ಬಸ್ಸಿಗೆ ಸಿಗೋದು 3.3 ಯೂನಿಟ್ ಅಷ್ಟೇ. ಒಂದೆರಡು ಕಿಲೋಮೀಟರ್‌ಗೆ ಸಾಕು. ಮುಂದೆ ಮತ್ತೆ ಕೊಡುತ್ತಾರೆ. ದಿನಕ್ಕೆ ಎಷ್ಟು ಸಲ ಸಣ್ಣ ಸಣ್ಣ ಚಾರ್ಜ್ ಆಗುತ್ತದೆ ನೋಡಿ. ಆ ಜಾಗಕ್ಕೆ ಸಿಲಿಕಾನ್ ಹಾಕಲು ನನಗಂತೂ ಧೈರ್ಯ ಬರೋದಿಲ್ಲ.

ಫ್ಯೂಸ್_ಪಾಟೀಲ · ರಾತ್ರಿ 9:25

ನಾನು ವಿದ್ಯುತ್ ಇಲಾಖೆಯಿಂದ ರಿಟೈರ್ ಆದವ. ಎಲ್ಲರೂ ಸೆಲ್ ಒಳಗೇ ಕೂತಿದ್ದೀರಿ. ತಮ್ಮಾ ಹುಬ್ಬಳ್ಳಿ, ನಿನ್ನ ಅಂಗಡಿಗೆ ಮಂಜೂರಾದ ಲೋಡ್ ಎಷ್ಟು? ಮೊದಲು ಅದನ್ನು ಹೇಳು.

ವೈಂಡಿಂಗ್_ಹುಬ್ಬಳ್ಳಿ · ರಾತ್ರಿ 9:50

5 ಕಿಲೋವ್ಯಾಟ್ ರೀ ಸರ್, ಸಿಂಗಲ್ ಫೇಸ್.

ಪ್ಯಾಕ್ ಲೆಕ್ಕ ಹೀಗೆ ಹಾಕಿದ್ದೇನೆ, ತಪ್ಪಿದ್ದರೆ ಹೇಳಿ. ಪೌಚ್ ಸಹವಾಸ ಸಾಕು, ಸಿಲಿಂಡರ್ ಎಲ್‌ಟಿಒ ಹಾಕೋಣ ಎಂದು. 40 ಆಂಪ್ ಅವರ್, 2.3 ವೋಲ್ಟ್, ಒಂದಕ್ಕೆ 1.2 ಕೆ.ಜಿ. ಹತ್ತಿರ. 22 ಸೆಲ್ ಸರಣಿಯಲ್ಲಿ ಹಾಕಿದರೆ 50.6 ವೋಲ್ಟ್, 48ರ ಕಂಟ್ರೋಲರ್‌ಗೆ ಹೊಂದುತ್ತದೆ. ಒಟ್ಟು ಎರಡು ಯೂನಿಟ್, ಸೆಲ್ ತೂಕವೇ 26 ಕೆ.ಜಿ. ನಾನು ಮೀಟರ್ ಹಾಕಿ ನೋಡಿದ ಹಾಗೆ ನಮ್ಮ ಆಟೋಗಳು ಕಿಲೋಮೀಟರ್‌ಗೆ 55 ವ್ಯಾಟ್ ಅವರ್ ತಿನ್ನುತ್ತವೆ. 80% ಬಳಸಿದರೆ 29 ಕಿ.ಮೀ. ದಿನಕ್ಕೆ 90 ಓಡಿಸುತ್ತಾರೆ. ಮೂರು ಸಲ ಚಾರ್ಜ್, ಒಂದೊಂದಕ್ಕೆ 15 ನಿಮಿಷ.

ಫ್ಯೂಸ್_ಪಾಟೀಲ · ರಾತ್ರಿ 10:10

ಎರಡು ಯೂನಿಟ್ 15 ನಿಮಿಷದಲ್ಲಿ ತುಂಬಬೇಕು ಅಂದರೆ 8 ಕಿಲೋವ್ಯಾಟ್. ಚಾರ್ಜರ್ ನಷ್ಟ ಸೇರಿ 9 ಅಂದುಕೋ. ಸಿಂಗಲ್ ಫೇಸ್‌ನಲ್ಲಿ 39 ಆಂಪ್. ನಿನ್ನ ಮಂಜೂರಾತಿ 5. ಪವರ್ ಸಾಕೆಟ್‌ನಿಂದ ಎಳೆದರೆ ಮೂರು, ಮೂರೂವರೆ ಕಿಲೋವ್ಯಾಟ್ ಸಿಗುತ್ತದೆ, 40 ನಿಮಿಷ ಬೇಕು. ಸೆಲ್ ಆರು ನಿಮಿಷಕ್ಕೆ ತಯಾರಿದ್ದರೂ ನಿನ್ನ ಗೋಡೆ ತಯಾರಿಲ್ಲ.

ಇಬ್ಬರೂ ಒಟ್ಟಿಗೆ ಬಂದರೆ? ಪಕ್ಕದ ಜೆರಾಕ್ಸ್ ಅಂಗಡಿಯವ ನಿನ್ನನ್ನು ಹುಡುಕಿಕೊಂಡು ಬರುತ್ತಾನೆ.

ಕೋಟೆಕಾರ್_ಮಾವ · ರಾತ್ರಿ 10:30

ನನ್ನ ಫೋನಿನ ವಿಷಯ ಯಾರೂ ಹೇಳಲೇ ಇಲ್ಲ.

ಡ್ರೈರೂಮ್_ಸುಮಾ · ರಾತ್ರಿ 10:55

ಮಾವ, ಕ್ಷಮಿಸಿ. ಮೊದಲು ಆ ಫೋನ್ ಚಾರ್ಜ್ ಹಾಕೋದು ನಿಲ್ಲಿಸಿ, ದಿಂಬಿನ ಪಕ್ಕ ಇಡಬೇಡಿ. ಸಿಲಿಕಾನ್ ಚಾರ್ಜ್ ಆದಾಗ ಸ್ವಲ್ಪ ದಪ್ಪ ಆಗೋದು ಸಹಜ, ಅದಕ್ಕೆ ಫೋನ್ ಮಾಡುವವರು ಜಾಗ ಬಿಟ್ಟಿರುತ್ತಾರೆ. ಎಂಟು ತಿಂಗಳಲ್ಲಿ ಮುಚ್ಚಳ ಎಬ್ಬಿಸುವಷ್ಟು ಅಂದರೆ ಅದು ಬಹುಶಃ ಗ್ಯಾಸ್, ಸಿಲಿಕಾನ್ ಉಸಿರಾಟ ಅಲ್ಲ. ಗ್ಯಾಸ್ ಎಲ್ಲ ಬಗೆಯ ಸೆಲ್‌ನಲ್ಲೂ ಬರಬಹುದು. ಫೋಟೋ ತೆಗೆದಿಟ್ಟು, ಸರ್ವೀಸ್‌ನವರು ಹೇಳಿದ್ದನ್ನು ಬರಹದಲ್ಲಿ ಕೇಳಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಹುಬ್ಬಳ್ಳಿ ಅಣ್ಣ, ಉಳಿದ ನಾಲ್ಕು ಪೌಚ್‌ಗೂ ಇದೇ ಪರೀಕ್ಷೆ ಮಾಡಿ. ನಡುವೆ ಒಂದು, ಎರಡು ಅಂಚಿನಲ್ಲಿ ಒಂದೊಂದು, ಹೀಗೆ ಮೂರು ಕಡೆ ವರ್ನಿಯರ್ ಇಡಿ. ಒತ್ತಬೇಡಿ, ತಾಗಿಸಿ ಅಷ್ಟೇ. 2.7 ವೋಲ್ಟ್‌ನಲ್ಲಿ ಒಮ್ಮೆ, ನಿಧಾನಕ್ಕೆ 1.8ಕ್ಕೆ ಇಳಿಸಿ ಎರಡು ಗಂಟೆ ಬಿಟ್ಟು ಇನ್ನೊಮ್ಮೆ. ನಡು ಮಾತ್ರ ಎದ್ದಿದೆ, ಖಾಲಿ ಮಾಡಿದರೂ ಇಳಿಯಲಿಲ್ಲ, ಬೆರಳಿಟ್ಟರೆ ಮೆತ್ತಗೆ ಇದೆ ಅಂದರೆ ಗ್ಯಾಸ್. ಸಿಲಿಕಾನ್ ಸೆಲ್ ಆಗಿದ್ದರೆ ಮೂರು ಕಡೆಯೂ ಸಮನಾಗಿ ದಪ್ಪ ಆಗಿ, ಗಟ್ಟಿ ಇದ್ದು, ಖಾಲಿ ಮಾಡಿದಾಗ ಬಹುಪಾಲು ವಾಪಸ್ ಬರುತ್ತಿತ್ತು. ವಾಪಸ್ ಬರದೆ ಉಳಿದ ಚೂರು ಸೈಕಲ್‌ನಿಂದ ಸೈಕಲ್‌ಗೆ ಕೂಡುತ್ತಾ ಹೋಗುತ್ತದೆ. ಅದು ನಾನು ಹೇಳಿದ ಆ ಪದರ ಕಟ್ಟಿ ಕಟ್ಟಿ ದಪ್ಪ ಆಗಿರೋದು.

ಶೆಲ್ಫಿನಲ್ಲಿ ಇಡುವಾಗ ಅರ್ಧಕ್ಕಿಂತ ಕಡಿಮೆ ಚಾರ್ಜ್‌ನಲ್ಲಿ, ತಂಪಿನಲ್ಲಿ ಇಡಿ. ಎಲ್‌ಟಿಒಗೆ ಎರಡು ಕಡೆಯೂ ಅಲ್ಯೂಮಿನಿಯಂ ಹಾಳೆ. ಬೇರೆ ಸೆಲ್‌ಗಳಲ್ಲಿ ಆನೋಡ್ ಕಡೆ ತಾಮ್ರ ಇರುತ್ತದೆ, ತೀರಾ ಖಾಲಿ ಆದರೆ ಅದು ಕರಗುತ್ತದೆ. ಇಲ್ಲಿ ಆ ಭಯ ಇಲ್ಲ.

ನ್ಯಾನೋ_ಶರತ್ · ರಾತ್ರಿ 11:30

ನನ್ನ ಒಂದು ಲೆಕ್ಕ. ಎಲ್‌ಟಿಒ ಪ್ಯಾಕ್ ದಿನಕ್ಕೆ ಮೂರು ಸೈಕಲ್, ವರ್ಷಕ್ಕೆ ಸುಮಾರು 1000. 15,000 ಸೈಕಲ್ ಅಂದರೆ 15 ವರ್ಷ. ಅದೇ 26 ಕೆ.ಜಿ.ಗೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿದರೆ ನಾಲ್ಕು ಯೂನಿಟ್ ಬರುತ್ತದೆ. ದಿನಕ್ಕೆ ಒಂದೂವರೆ ಸೈಕಲ್ ಸಾಕು, ವರ್ಷಕ್ಕೆ 500. 3000 ಸೈಕಲ್ ಅಂದರೂ ಆರು ವರ್ಷ. ಸೈಕಲ್‌ನಲ್ಲಿ ಐದು ಪಟ್ಟು ಅಂತರ ಇದ್ದದ್ದು ವರ್ಷದಲ್ಲಿ ಎರಡೂವರೆ ಪಟ್ಟು ಆಯಿತು. ಆಟೋ ಬಾಡಿ 15 ವರ್ಷ ಬರುತ್ತದಾ?

ಡ್ರೈರೂಮ್_ಸುಮಾ · ಮಂಗಳವಾರ ಬೆಳಿಗ್ಗೆ 8:30

ಶಭಾಷ್. ಈ ಲೆಕ್ಕ ಎಲ್‌ಟಿಒ ಮಾರುವವರು ಹೇಳೋದಿಲ್ಲ. ಪ್ಯಾಕ್ ಸಣ್ಣದಾದಷ್ಟೂ ಸೈಕಲ್ ಬೇಗ ಖರ್ಚಾಗುತ್ತದೆ. ಆದರೆ ಬರೀ ವರ್ಷ ನೋಡಬೇಡಿ, ಆಟೋದವನ ಮಧ್ಯಾಹ್ನವನ್ನೂ ನೋಡಿ. ಎಲ್‌ಎಫ್‌ಪಿಯನ್ನು ಊಟದ ಹೊತ್ತಿನಲ್ಲಿ ಒಂದು ಗಂಟೆ ನಿಲ್ಲಿಸಲು ಅವನು ಒಪ್ಪಿದರೆ ಅದೇ ಅಗ್ಗ. ಹದಿನೈದು ನಿಮಿಷವೇ ಬೇಕು ಎಂದರೆ ಎಲ್‌ಟಿಒ. ಸಿಲಿಕಾನ್ ಇಬ್ಬರ ಜಾಗವೂ ಅಲ್ಲ. ಕಡಿಮೆ ಜಾಗ, ಕಡಿಮೆ ತೂಕ, ಕೆಲವು ನೂರು ಸೈಕಲ್ ಸಾಕು ಅನ್ನುವ ಕಡೆ ಅದರ ಬೆಲೆ. ಫೋನು, ಡ್ರೋನು.

ಫ್ಯೂಸ್_ಪಾಟೀಲ · ಬೆಳಿಗ್ಗೆ 9:40

ಜಿನೀವಾದಲ್ಲಿ 600 ಕಿಲೋವ್ಯಾಟ್ ನೇರ ಲೈನ್‌ನಿಂದ ಎಳೆಯೋದಿಲ್ಲ ಎಂದು ಓದಿದೆ. ನಿಲ್ದಾಣದಲ್ಲೇ ಶೇಖರಣೆ ಇಟ್ಟು, ಬಸ್ ಬರುವವರೆಗೆ ನಿಧಾನಕ್ಕೆ ತುಂಬಿಸಿಕೊಳ್ಳುತ್ತಾರೆ. ನಮ್ಮ ತಮ್ಮನೂ ಹಾಗೆ ಮಾಡಬಹುದಲ್ಲ. ಅಂಗಡಿಯಲ್ಲಿ ಐದು ಯೂನಿಟ್ ಎಲ್‌ಎಫ್‌ಪಿ ಇಡು. ಮೂರು ಕಿಲೋವ್ಯಾಟ್‌ನಲ್ಲಿ ಅದು ತುಂಬುತ್ತಿರಲಿ. ಆಟೋ ಬಂದಾಗ ಅದರಿಂದ ಎಂಟು ಕಿಲೋವ್ಯಾಟ್‌ನಲ್ಲಿ ಎಲ್‌ಟಿಒಗೆ ಸುರಿ. ಎರಡು ಸಲ ಬದಲಾಯಿಸಿದ್ದಕ್ಕೆ ಸ್ವಲ್ಪ ನಷ್ಟ ಆಗುತ್ತದೆ.

ವೈಂಡಿಂಗ್_ಹುಬ್ಬಳ್ಳಿ · ಮುಂದಿನ ಭಾನುವಾರ ಸಂಜೆ 5:10

ಅಳತೆ ಮಾಡಿದೆ ಮೇಡಂ. ಉಬ್ಬಿದ ಎರಡೂ ನೀವು ಹೇಳಿದ ಹಾಗೇ. ನಡು 11, ಅಂಚು 8.1. 1.8ಕ್ಕೆ ಇಳಿಸಿದರೂ ನಡು 10.9. ಬೆರಳಿಟ್ಟರೆ ದಿಂಬು. ಪಕ್ಕಕ್ಕೆ ಇಟ್ಟಿದ್ದೇನೆ. ಮೂರು ಸೆಲ್ ಮೂರೂ ಕಡೆ 8 ಇವೆ, ಕದಲಿಲ್ಲ.

ಆರನೆಯದು ತಲೆ ತಿನ್ನುತ್ತಿದೆ. ನಡು 8.3, ಎರಡು ಅಂಚೂ 8.2. ಗಟ್ಟಿ ಇದೆ. ಖಾಲಿ ಮಾಡಿದರೆ ಮೂರೂ ಕಡೆ 8.2. ಇದು ಗ್ಯಾಸ್ ಅಲ್ಲ ಅಂದರೆ ಏನು? ಇದರಲ್ಲಿ ಸಿಲಿಕಾನ್ ಇಲ್ಲವಲ್ಲ.

ಆಟೋದವರಿಗೆ ಹೇಳಿದೆ. ಒಬ್ಬ ಎಲ್‌ಎಫ್‌ಪಿಗೆ ಒಪ್ಪಿದ, "ಹೆಂಗೂ ಊಟ ಮಾಡಿ ಮಲಗ್ತೀನಿ" ಎಂದ. ಇನ್ನೊಬ್ಬನಿಗೆ ಎಲ್‌ಟಿಒನೇ ಬೇಕಂತೆ. ಅವನಿಗೆ 22 ಸಿಲಿಂಡರ್ ಆರ್ಡರ್ ಮಾಡಿದ್ದೇನೆ, ಸದ್ಯಕ್ಕೆ 40 ನಿಮಿಷದ ಚಾರ್ಜರ್ ಜೊತೆ.

ಡ್ರೈರೂಮ್_ಸುಮಾ · ಸಂಜೆ 7:00

ಆರನೆಯದಕ್ಕೆ ನನ್ನ ಊಹೆ: 0.1 ಬದಲಾದದ್ದರಲ್ಲಿ ಒಂದು ಪಾಲು ಕ್ಯಾಥೋಡ್‌ದು. ಎಲ್‌ಟಿಒ ಅಲ್ಲಾಡದಿದ್ದರೂ ಎದುರಿನ ಕ್ಯಾಥೋಡ್ ಒಂದಿಷ್ಟು ಉಸಿರಾಡುತ್ತದೆ. ಆದರೆ ಹಾಗಿದ್ದರೆ ಉಳಿದ ಮೂರರಲ್ಲೂ ಕಾಣಬೇಕಿತ್ತು. ಪದರಗಳ ನಡುವೆ ಗ್ಯಾಸ್ ಸಣ್ಣ ಸಣ್ಣದಾಗಿ ಸಿಕ್ಕಿಕೊಂಡಿದ್ದರೂ ಹೀಗೆ ಗಟ್ಟಿ ಕಾಣಬಹುದು. ಅಂಥ ಕಡೆ ಎಲೆಕ್ಟ್ರೋಲೈಟ್ ತಾಗದೆ ಒಳ ಪ್ರತಿರೋಧ ಏರಿರುತ್ತದೆ. ಒಳ ಪ್ರತಿರೋಧ ಅಳೆಯುವ ಮೀಟರ್ ಇದೆಯಾ? ಒಳ್ಳೆಯ ಮೂರರ ಜೊತೆ ಹೋಲಿಸಿ.

ವೈಂಡಿಂಗ್_ಹುಬ್ಬಳ್ಳಿ · ಸಂಜೆ 7:20

ಇದೆ. ಆದರೆ ಅದರ ಪ್ರೋಬ್ ಕಿತ್ತುಹೋಗಿದೆ. ನಾಳೆ ಬೆಸುಗೆ ಹಾಕಿ ಅಳೆದು ಹಾಕುತ್ತೇನೆ.

ಫ್ಯೂಸ್_ಪಾಟೀಲ · ಸಂಜೆ 7:45

ಪ್ರೋಬ್ ಜೊತೆಗೆ ಲೋಡ್ ಹೆಚ್ಚಿಸುವ ಅರ್ಜಿಯನ್ನೂ ನಾಳೆಯೇ ಹಾಕು ತಮ್ಮಾ.